ಲೈಸೆನ್ಸ್ ಯಾರದು, ದುಡ್ಡು ಹೋಗುವುದು ಯಾರ ಖಾತೆಗೆ?

‘ದುಬೈಗೆ ತುರ್ತಾಗಿ ವೆಲ್ಡರ್‌ಗಳು ಬೇಕಾಗಿದ್ದಾರೆ. ಸಂಬಳ 1800 ದಿರ್ಹಂ, ಓಟಿ ಬೇರೆ. ಊಟ, ರೂಮು ಫ್ರೀ. ಇಸಿಆರ್ ಪಾಸ್‌ಪೋರ್ಟ್ ನಡೆಯುತ್ತದೆ. ಹದಿನೈದು ದಿನದಲ್ಲಿ ವೀಸಾ. ಕೆಲವೇ ಸೀಟು ಉಳಿದಿವೆ.’

ಊರಿನ ವಾಟ್ಸಾಪ್ ಗುಂಪಿನಲ್ಲಿ ಇಂಥದೊಂದು ಜಾಹೀರಾತು ಬಂದಿದೆ ಎಂದುಕೊಳ್ಳಿ. ಕೆಳಗೆ ಬೆಂಗಳೂರಿನ ಒಂದು ಆಫೀಸಿನ ಹೆಸರು, ಒಂದು ಮೊಬೈಲ್ ನಂಬರು. ಕುಂದಾಪುರದ ಕಡೆಯ ಒಬ್ಬ ವೆಲ್ಡರ್ ಅದನ್ನು ನೋಡುತ್ತಾನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕೈಯಲ್ಲಿ ಒಳ್ಳೆಯ ಕಸುಬಿದೆ. ಫೋನ್ ಮಾಡುತ್ತಾನೆ. ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ‘ನಂಬಿಕೆ ಇಲ್ಲದಿದ್ದರೆ ನಮ್ಮ ಕಾಗದಪತ್ರ ನೋಡಿ’ ಎಂದು ತಾವಾಗಿಯೇ ನಾಲ್ಕು ಫೋಟೊ ಕಳಿಸುತ್ತಾರೆ: ಪ್ರೈವೇಟ್ ಲಿಮಿಟೆಡ್ ಕಂಪನಿಯ ನೋಂದಣಿ ಪತ್ರ, ಜಿಎಸ್‌ಟಿ ಪ್ರಮಾಣಪತ್ರ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಐಎಸ್‌ಒ ಎಂದು ಬರೆದ ಚಿನ್ನದ ಅಂಚಿನ ಒಂದು ಸರ್ಟಿಫಿಕೇಟು. ಫೈಲ್ ಚಾರ್ಜು 15,000 ರೂಪಾಯಿ ಇವತ್ತೇ ಹಾಕಬೇಕು. ವೀಸಾ ಬಂದ ಮೇಲೆ 75,000.

ನಾಲ್ಕೂ ಕಾಗದ ಅಸಲಿಯೇ ಆಗಿರಬಹುದು. ಮೋಸ ಹೋದ ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಕಂಪನಿ ನೋಂದಣಿ ಪತ್ರ ಹೇಳುವುದು ಇಂಥ ಹೆಸರಿನ ಒಂದು ಕಂಪನಿ ಇದೆ ಎಂದಷ್ಟೆ. ಜಿಎಸ್‌ಟಿ ನಂಬರು ತೆರಿಗೆಗೆ ಸಂಬಂಧಿಸಿದ್ದು. ಟ್ರೇಡ್ ಲೈಸೆನ್ಸ್ ಆ ಕಟ್ಟಡದಲ್ಲಿ ವ್ಯವಹಾರ ನಡೆಸಲು ಪಾಲಿಕೆ ಕೊಟ್ಟ ಒಪ್ಪಿಗೆ. ಬೇಕರಿಗೂ ಇವು ಇರುತ್ತವೆ, ಬಟ್ಟೆ ಅಂಗಡಿಗೂ ಇರುತ್ತವೆ. ಭಾರತದಿಂದ ಒಬ್ಬ ಮನುಷ್ಯನನ್ನು ಹೊರದೇಶದ ಕೆಲಸಕ್ಕೆ ಕಳಿಸುವ ಅಧಿಕಾರ ಇವುಗಳಲ್ಲಿ ಯಾವುದರಿಂದಲೂ ಬರುವುದಿಲ್ಲ.

ಆ ಅಧಿಕಾರ ಕೊಡುವ ಕಾಗದ ಒಂದೇ ಒಂದು. 1983ರ ವಲಸೆ ಕಾಯ್ದೆಯ 10ನೇ ಕಲಮಿನ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಆರಿಸಿ ಕಳಿಸುವವರು ವಿದೇಶಾಂಗ ಸಚಿವಾಲಯದ ಅಡಿಯಲ್ಲಿರುವ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರೆಂಟ್ಸ್, ಅಂದರೆ ವಲಸಿಗರ ಮಹಾರಕ್ಷಕರ ಕಚೇರಿಯಿಂದ ನೋಂದಣಿ ಪತ್ರ ಪಡೆದಿರಬೇಕು. ಇದನ್ನೇ ಜನ ‘ಆರ್‌ಎ ಲೈಸೆನ್ಸ್’ ಎನ್ನುತ್ತಾರೆ. ಆರ್‌ಎ ಎಂದರೆ ರಿಕ್ರೂಟಿಂಗ್ ಏಜೆಂಟ್.

ಈ ಒಂದು ಕಾಗದಕ್ಕೆ ಇಷ್ಟು ಬೆಲೆ ಬರಲು ಅದರ ಹಿಂದಿರುವ ಹಣ ಕಾರಣ. ಪೂರ್ಣ ಪ್ರಮಾಣದ ಲೈಸೆನ್ಸ್ ಬೇಕಾದರೆ ಏಜೆನ್ಸಿಯವರು 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಕೊಟ್ಟಿರಬೇಕು. ಕಳಿಸಿದ ಕೆಲಸಗಾರನನ್ನು ಅಲ್ಲಿ ನಡುನೀರಿನಲ್ಲಿ ಕೈಬಿಟ್ಟರೆ, ವಾಪಸು ಕರೆತರುವ ಖರ್ಚನ್ನು ಸರ್ಕಾರ ಅದರಿಂದ ವಸೂಲು ಮಾಡಬಹುದು. ಲೈಸೆನ್ಸ್ ಅಮಾನತು ಮಾಡಬಹುದು, ರದ್ದು ಮಾಡಬಹುದು. ಹೀಗಾಗಿ ಲೈಸೆನ್ಸ್ ಇರುವವನಿಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ. ಲೈಸೆನ್ಸ್ ಇಲ್ಲದವನ ಹತ್ತಿರ ಒಂದು ಬಾಡಿಗೆ ರೂಮು, ಎರಡು ಸಿಮ್ ಕಾರ್ಡು ಬಿಟ್ಟರೆ ಹಿಡಿದು ಕೇಳಲು ಬೇರೇನೂ ಸಿಗದೆ ಹೋಗಬಹುದು. ಕಾಯ್ದೆ ಅವನಿಗೆ ವಿಧಿಸುವುದು ಹೆಚ್ಚೆಂದರೆ ಎರಡು ವರ್ಷ ಜೈಲು, 2,000 ರೂಪಾಯಿ ದಂಡ. ಒಬ್ಬೊಬ್ಬರಿಂದ ಲಕ್ಷಗಟ್ಟಲೆ ಕೀಳುವವನಿಗೆ ಈ ದಂಡ ಏನೇನೂ ಅಲ್ಲ. ಹಣ ಕೈಬಿಟ್ಟ ಮೇಲೆ ನ್ಯಾಯ ಸಿಗುವ ದಾರಿ ಉದ್ದ, ಸಿಗುವುದು ಅಲ್ಪ. ಆದ್ದರಿಂದ ಪರೀಕ್ಷೆಯೆಲ್ಲ ಹಣ ಕೊಡುವ ಮೊದಲೇ ಮುಗಿಯಬೇಕು.

ನಮ್ಮ ವೆಲ್ಡರ್ ಈಗ ಕೇಳಬೇಕಾದ ಪ್ರಶ್ನೆ ಒಂದೇ: ‘ನಿಮ್ಮ ಆರ್‌ಎ ಲೈಸೆನ್ಸ್ ನಂಬರ್ ಏನು?’ ಆ ನಂಬರನ್ನು ಆಫೀಸಿನಲ್ಲಿ ಎದ್ದು ಕಾಣುವಂತೆ ಹಾಕಿರಬೇಕು. ಪತ್ರಿಕೆಯಲ್ಲಾಗಲಿ ಫೇಸ್‌ಬುಕ್ಕಿನಲ್ಲಾಗಲಿ, ಅವರು ಕೊಡುವ ಜಾಹೀರಾತಿನಲ್ಲೂ ಅದು ಇರಬೇಕು. ವಾಟ್ಸಾಪಿಗೆ ಬಂದ ಆ ಜಾಹೀರಾತಿನಲ್ಲಿ ನಂಬರೇ ಇರಲಿಲ್ಲ ಎಂಬುದು ಮೊದಲ ಕೆಟ್ಟ ಸೂಚನೆ.

ಕೇಳಿದ ಮೇಲೆ ನಂಬರು ಬರುತ್ತದೆ. ಅದರ ರೂಪ ಸಾಮಾನ್ಯವಾಗಿ ಹೀಗಿರುತ್ತದೆ:

```
B-0000/ಸ್ಥಳ/COM/1000+/5/0000/ವರ್ಷ
```

ಇದನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಮೊದಲು B ಅಕ್ಷರ ಮತ್ತು ಒಂದು ಸಂಖ್ಯೆ, ಆಮೇಲೆ ರಾಜ್ಯದ ಅಥವಾ ನಗರದ ಹೆಸರು. ಮೂರನೆಯ ಭಾಗ ಮಾಲೀಕತ್ವದ ಬಗೆ: COM ಎಂದಿದ್ದರೆ ಕಂಪನಿ, PART ಎಂದಿದ್ದರೆ ಪಾಲುದಾರಿಕೆ, PER ಎಂದಿದ್ದರೆ ಒಬ್ಬ ವ್ಯಕ್ತಿಯ ಹೆಸರಿನ ಲೈಸೆನ್ಸ್. 5 ಎಂಬುದು ಐದು ವರ್ಷದ ಅವಧಿ. ಕೊನೆಗೆ ಕ್ರಮಸಂಖ್ಯೆ ಮತ್ತು ವರ್ಷ. ಯಾರೋ ನಿಮಗೆ ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ನಂಬರನ್ನೋ, U ಅಕ್ಷರದಿಂದ ಶುರುವಾಗುವ ಕಂಪನಿ ನಂಬರನ್ನೋ ಕಳಿಸಿ ‘ಇದೇ ಲೈಸೆನ್ಸ್’ ಎಂದರೆ ಅಲ್ಲಿಗೇ ಮಾತು ಮುಗಿಸಬಹುದು.

ನಂಬರಿನ ರೂಪ ಸರಿಯಿದ್ದ ಮಾತ್ರಕ್ಕೆ ನಂಬಬೇಕೆಂದಿಲ್ಲ, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅದನ್ನು ಹುಡುಕಬೇಕು. ವಿಳಾಸ emigrate.gov.in. ಏಜೆಂಟ್ ಕಳಿಸಿದ ಲಿಂಕ್ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಕೊನೆಯಲ್ಲಿ gov.in ಇಲ್ಲದಿದ್ದರೆ ಅದು ಇ-ಮೈಗ್ರೇಟ್ ತಾಣವಲ್ಲ. ಅಲ್ಲಿ ರಿಕ್ರೂಟಿಂಗ್ ಏಜೆಂಟರ ಪಟ್ಟಿ ಇದೆ. ಏಜೆನ್ಸಿಯ ಹೆಸರಿನಿಂದ, ಲೈಸೆನ್ಸ್ ನಂಬರಿನಿಂದ, ರಾಜ್ಯವಾರು ಹೀಗೆ ಹುಡುಕಬಹುದು. ಲಾಗಿನ್ ಬೇಡ, ದುಡ್ಡು ಬೇಡ. ಮನೆಯಲ್ಲಿ ಮಾಡಲು ಬಾರದಿದ್ದರೆ ಹತ್ತಿರದ ಸೈಬರ್ ಸೆಂಟರಿನಲ್ಲಿ ಹತ್ತು ನಿಮಿಷದ ಕೆಲಸ.

ಹೆಸರು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬಾರದು. ಹೆಸರಿನ ಜೊತೆಗಿರುವ ಸ್ಥಿತಿ ಮತ್ತು ಅವಧಿ ನೋಡಬೇಕು. Active ಎಂದಿದ್ದರೆ ಚಾಲ್ತಿಯಲ್ಲಿದೆ. Expired ಎಂದರೆ ಅವಧಿ ಮುಗಿದಿದೆ, Suspended ಎಂದರೆ ಅಮಾನತಾಗಿದೆ, Cancelled ಎಂದರೆ ರದ್ದಾಗಿದೆ. ಐದು ವರ್ಷದ ಹಿಂದೆ ಪಡೆದು ಈಗ ಅವಧಿ ಮುಗಿದ ಲೈಸೆನ್ಸಿನ ಪ್ರತಿಯನ್ನು ಫ್ರೇಮ್ ಹಾಕಿಸಿ ಗೋಡೆಯಲ್ಲಿ ಹಾಗೇ ಬಿಟ್ಟಿರಬಹುದು. ‘ರಿನೀವಲ್‌ಗೆ ಕೊಟ್ಟಿದ್ದೇವೆ, ಇನ್ನೇನು ಬರುತ್ತದೆ’ ಎಂದರೆ, ಬಂದ ಮೇಲೆ ದುಡ್ಡು ಕೊಟ್ಟರಾಯಿತು. ಇದೇ ತಾಣದಲ್ಲಿ ದೂರು ಬಂದಿರುವ, ನೋಂದಣಿ ಇಲ್ಲದ ಏಜೆಂಟರ ಪಟ್ಟಿಯೂ ಇದೆ. ಅದರಲ್ಲಿ ಸಾವಿರಾರು ಹೆಸರುಗಳಿವೆ. ಆದರೆ ಆ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಏಜೆಂಟ್ ಒಳ್ಳೆಯವನು ಎಂದರ್ಥವಲ್ಲ. ಇನ್ನೂ ಯಾರೂ ದೂರು ಕೊಟ್ಟಿಲ್ಲದಿರಬಹುದು, ಹೆಸರು ಬದಲಿಸಿಕೊಂಡಿರಬಹುದು. ನೋಡಬೇಕಾದದ್ದು ಲೈಸೆನ್ಸ್ ಇರುವವರ ಪಟ್ಟಿಯನ್ನು.

ನಮ್ಮ ವೆಲ್ಡರ್‌ಗೆ ಅದೃಷ್ಟ ಇದೆ ಎಂದುಕೊಳ್ಳೋಣ. ಅವನಿಗೆ ಬಂದ ನಂಬರು ಪಟ್ಟಿಯಲ್ಲಿದೆ, ಸ್ಥಿತಿ Active. ಹೆಚ್ಚಿನವರು ಇಲ್ಲಿ ನಿಟ್ಟುಸಿರು ಬಿಟ್ಟು ದುಡ್ಡು ಹಾಕುತ್ತಾರೆ. ನನ್ನ ಮಟ್ಟಿಗೆ ಅತ್ಯಂತ ಅಪಾಯದ ಘಟ್ಟ ಇದೇ. ಪಟ್ಟಿ ಎಲ್ಲರಿಗೂ ಕಾಣುತ್ತದೆ ಎಂದರೆ ಮೋಸಗಾರನಿಗೂ ಕಾಣುತ್ತದೆ. ಅವನು ಅದರಿಂದಲೇ ಒಂದು ಒಳ್ಳೆಯ ಏಜೆನ್ಸಿಯ ಹೆಸರು, ನಂಬರು ಎತ್ತಿಕೊಂಡು, ಲೆಟರ್‌ಹೆಡ್ ಮಾಡಿಸಿ, ತನ್ನ ಮೊಬೈಲ್ ನಂಬರು ಹಾಕಿಕೊಳ್ಳಬಹುದು. ಲೈಸೆನ್ಸ್ ಅಸಲಿ, ಮನುಷ್ಯ ನಕಲಿ.

ಇದನ್ನು ಪತ್ತೆ ಮಾಡುವ ದಾರಿ ಸುಲಭವಾಗಿದೆ. ಜಾಹೀರಾತಿನಲ್ಲಿರುವ ನಂಬರನ್ನು ಬದಿಗಿಟ್ಟು, ಇ-ಮೈಗ್ರೇಟ್ ತಾಣದಲ್ಲಿ ಆ ಏಜೆನ್ಸಿಯ ಹೆಸರಿನ ಮುಂದೆ ಕೊಟ್ಟಿರುವ ವಿವರ ಹಿಡಿದು ಅವರನ್ನೇ ಸಂಪರ್ಕಿಸಬೇಕು, ಸಾಧ್ಯವಾದರೆ ಅಲ್ಲಿರುವ ವಿಳಾಸಕ್ಕೆ ಹೋಗಿ ನೋಡಬೇಕು. ಕೇಳಬೇಕಾದದ್ದು: ‘ದುಬೈಯ ವೆಲ್ಡರ್ ಕೆಲಸಕ್ಕೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ? ಇಂಥವರು ನಿಮ್ಮ ಆಫೀಸಿನವರಾ? ಈ ಮೊಬೈಲ್ ನಂಬರು ನಿಮ್ಮದಾ?’ ಇವಕ್ಕೆ ಬರುವ ಉತ್ತರದಲ್ಲಿ ಎಲ್ಲ ತಿಳಿಯುತ್ತದೆ.

ಕೆಲವೊಮ್ಮೆ ಉತ್ತರ ನೇರವಾಗಿರುವುದಿಲ್ಲ. ‘ಹೌದು, ಅವರು ನಮ್ಮ ಸಬ್ ಏಜೆಂಟ್’ ಎಂದೂ ಬರಬಹುದು. ನಮ್ಮ ಊರುಗಳಲ್ಲಿ ಈ ಸಬ್ ಏಜೆಂಟರದೇ ದೊಡ್ಡ ಜಾಲ. ಅವರು ಟ್ರಾವೆಲ್ಸ್ ನಡೆಸುವವರಿರಬಹುದು, ಗಲ್ಫಿನಿಂದ ವಾಪಸು ಬಂದವರಿರಬಹುದು, ದೂರದ ಸಂಬಂಧಿಯೇ ಆಗಿರಬಹುದು. ಪರಿಚಯದ ಮುಖ ಎಂಬ ಒಂದೇ ಕಾರಣಕ್ಕೆ ಜನ ಅವರ ಕೈಗೆ ನಗದು ಕೊಡುತ್ತಾರೆ. ಆದರೆ ಕಾನೂನು ಸಬ್ ಏಜೆಂಟರನ್ನು ಒಪ್ಪುವುದಿಲ್ಲ. ಲೈಸೆನ್ಸ್ ಪಡೆದ ಏಜೆನ್ಸಿ ಬೇರೆ ಊರಿನಲ್ಲಿ ಶಾಖೆ ತೆರೆಯಬೇಕಾದರೂ ಒಪ್ಪಿಗೆ ಪಡೆಯಬೇಕು. ಸಬ್ ಏಜೆಂಟನ ಕೈಗೆ ಕೊಟ್ಟ ಹಣಕ್ಕೆ ನಾಳೆ ಆ ಏಜೆನ್ಸಿ ‘ನಮಗೆ ಬಂದಿಲ್ಲ’ ಎಂದುಬಿಟ್ಟರೆ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ.

ಆದ್ದರಿಂದ ಲೈಸೆನ್ಸ್ ಪರೀಕ್ಷೆ ಬ್ಯಾಂಕ್ ಖಾತೆಯ ಹೆಸರಿನವರೆಗೂ ಹೋಗಬೇಕು. ಲೈಸೆನ್ಸಿನಲ್ಲಿ ಇರುವ ಹೆಸರು, ರಸೀದಿಯಲ್ಲಿ ಇರುವ ಹೆಸರು, ಹಣ ಹೋಗುವ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು. ಯುಪಿಐಯಲ್ಲಿ ಹಣ ಕಳಿಸುವಾಗ ಗುಂಡಿ ಒತ್ತುವ ಮೊದಲು ಖಾತೆದಾರನ ಹೆಸರು ಪರದೆಯ ಮೇಲೆ ಬರುತ್ತದಲ್ಲ, ಅದನ್ನು ನಿಧಾನವಾಗಿ ಓದಿ. ನಮ್ಮ ವೆಲ್ಡರ್‌ಗೆ ಕೊಟ್ಟ ಲೈಸೆನ್ಸ್ COM, ಅಂದರೆ ಕಂಪನಿಯದು. ಪರದೆಯ ಮೇಲೆ ಬಂದದ್ದು ಯಾರೋ ಒಬ್ಬ ಮನುಷ್ಯನ ಹೆಸರು. ‘ಅದು ನಮ್ಮ ಅಕೌಂಟೆಂಟ್ ಖಾತೆ, ಕಂಪನಿ ಖಾತೆಯಲ್ಲಿ ಲಿಮಿಟ್ ಮುಗಿದಿದೆ’ ಎಂಬ ಸಮಜಾಯಿಷಿ ಬರುತ್ತದೆ. 15,000 ರೂಪಾಯಿ ತೆಗೆದುಕೊಳ್ಳಲು ಆಗದ ಕಂಪನಿ ಖಾತೆ ಎಂಥದ್ದು? ಇಲ್ಲಿ ಅವನು ಫೋನ್ ಇಟ್ಟುಬಿಡಬೇಕು.

ಇನ್ನು ಮೊತ್ತದ ವಿಷಯ. ಇದರಲ್ಲೂ ಏಜೆಂಟನ ಬಣ್ಣ ಬಯಲಾಗುತ್ತದೆ. ಲೈಸೆನ್ಸ್ ಇರುವ ಏಜೆನ್ಸಿ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲೆ ಶೇಕಡ 18ರ ಜಿಎಸ್‌ಟಿ. ಅಂದರೆ 5,400 ಸೇರಿ ಒಟ್ಟು 35,400 ರೂಪಾಯಿ. ಇದಕ್ಕೆ ರಸೀದಿ ಕೊಡಲೇಬೇಕು. ಮೆಡಿಕಲ್ ಪರೀಕ್ಷೆಯ ದುಡ್ಡು ಬೇರೆ, ಅದು ಹೋಗುವುದು ಆಸ್ಪತ್ರೆಗೆ. ಇಸಿಆರ್ ಪಾಸ್‌ಪೋರ್ಟಿನವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಇಷ್ಟಕ್ಕೆ 10 ಲಕ್ಷದ ವಿಮೆ ಸಿಗುತ್ತದೆ. ಹಾಗಾದರೆ ನಮ್ಮ ವೆಲ್ಡರ್‌ನಿಂದ ಕೇಳಿದ 90,000ದಲ್ಲಿ ‘ವೀಸಾ ಚಾರ್ಜು’ ಎಂದು ಕರೆದ ಆ 75,000 ಎಲ್ಲಿಂದ ಬಂತು? ದುಬೈ ಇರುವ ಸಂಯುಕ್ತ ಅರಬ್ ಎಮಿರೇಟ್ಸಿನ 2021ರ ಕಾರ್ಮಿಕ ಕಾನೂನೇ ನೇಮಕಾತಿಯ ಖರ್ಚನ್ನು ಮಾಲೀಕನ ಮೇಲೆ ಹಾಕಿದೆ, ಕೆಲಸಗಾರನಿಂದ ವಸೂಲು ಮಾಡಬಾರದೆಂದಿದೆ. ಲೈಸೆನ್ಸ್ ಇದ್ದೂ ಮಿತಿಗಿಂತ ಹೆಚ್ಚು ಕೇಳುವ ಏಜೆನ್ಸಿಗಳೂ ಇವೆ ಎಂಬುದು ಊರಿಗೆಲ್ಲ ಗೊತ್ತು. ಆದರೆ ರಸೀದಿಯಲ್ಲಿ ಬರೆಯಲು ಒಪ್ಪದ ಹಣ ಕೇಳಿದರೆ, ಅದು ಕೊಡಬಾರದ ಹಣ ಎಂದು ಕೇಳಿದವನೇ ಒಪ್ಪಿಕೊಂಡ ಹಾಗೆ.

ಲೈಸೆನ್ಸ್ ಬಗ್ಗೆ ಕೇಳಿದಾಗ ಬರುವ ಒಂದೆರಡು ಜಾಣ ಉತ್ತರಗಳನ್ನೂ ತಿಳಿದಿರುವುದು ಒಳ್ಳೆಯದು. ಒಂದು: ‘ನಿಮ್ಮದು ಇಸಿಆರ್ ಪಾಸ್‌ಪೋರ್ಟ್ ಅಲ್ಲ, ನಿಮಗೆ ಇದೆಲ್ಲ ಅನ್ವಯಿಸುವುದಿಲ್ಲ.’ ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಕೊಡುತ್ತಾರೆ. ಅವರು ಸೌದಿ, ಕುವೈತ್, ಒಮಾನ್, ಕತಾರ್, ಮಲೇಷ್ಯಾದಂಥ ಕೆಲವು ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೊರಟರೆ ವಲಸೆ ಅನುಮತಿ ಪಡೆಯಬೇಕು. ಆ ಅನುಮತಿ ಇಸಿಆರ್‌ನವರಿಗೆ ಮಾತ್ರ, ನಿಜ. ಆದರೆ ಲೈಸೆನ್ಸ್ ಇರಬೇಕಾದದ್ದು ಏಜೆಂಟನಿಗೆ. ನಿಮ್ಮ ಪಾಸ್‌ಪೋರ್ಟ್ ಯಾವುದಾದರೂ, ದೇಶ ಯಾವುದಾದರೂ, ನೀವು ಇಂಜಿನಿಯರೇ ಆಗಿದ್ದರೂ ಅವನಿಗೆ ಲೈಸೆನ್ಸ್ ಬೇಕು.

ಇನ್ನೊಂದು ಉತ್ತರ: ‘ನಾವು ರಿಕ್ರೂಟ್‌ಮೆಂಟ್ ಮಾಡುವವರಲ್ಲ, ವೀಸಾ ಕನ್ಸಲ್ಟೆಂಟ್.’ ಪ್ರವಾಸಕ್ಕೋ ಓದಿಗೋ ವೀಸಾ ಅರ್ಜಿ ತುಂಬಿಸಿಕೊಡುವವರಿಗೆ ಈ ಲೈಸೆನ್ಸ್ ಬೇಕಿಲ್ಲ. ಆದರೆ ಕೆಲಸ ಕೊಡಿಸುತ್ತೇವೆ ಎಂದ ಕೂಡಲೇ, ಹಾಗೆಂದು ಜಾಹೀರಾತು ಹಾಕಿದ ಕೂಡಲೇ ಅದು ಕಾಯ್ದೆಯ ಪ್ರಕಾರ ನೇಮಕಾತಿಯೇ. ಬೋರ್ಡಿನಲ್ಲಿ ಕನ್ಸಲ್ಟೆನ್ಸಿ ಎಂದು ಬರೆದುಕೊಂಡರೆ ತಪ್ಪಿಸಿಕೊಳ್ಳಲಾಗದು. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಚೇಂಜ್ ಮಾಡಿಸುತ್ತೇವೆ’ ಎನ್ನುವವರೂ ಈ ಸಾಲಿಗೆ ಸೇರಿದವರು. ಹಾಗೆ ಹೋದವನ ಹೆಸರು ಇ-ಮೈಗ್ರೇಟ್ ದಾಖಲೆಯಲ್ಲಿ ಇರುವುದಿಲ್ಲ, ವಿಮೆ ಇರುವುದಿಲ್ಲ, ಕೆಲಸದ ಕರಾರು ಇರುವುದಿಲ್ಲ.

ಕಲಬುರಗಿಯ ಯುವಕರ ಕಥೆ ನೆನಪಿರಬೇಕು. ಯೂಟ್ಯೂಬ್ ವಿಡಿಯೊ ಮತ್ತು ಏಜೆಂಟರ ಮಾತು ನಂಬಿ, ಲಕ್ಷಾಂತರ ರೂಪಾಯಿ ಕೊಟ್ಟು, ಸೆಕ್ಯುರಿಟಿ ಕೆಲಸ ಎಂದುಕೊಂಡು 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದವರು ಯುಕ್ರೇನ್ ಯುದ್ಧದ ಗಡಿಗೆ ತಳ್ಳಲ್ಪಟ್ಟರು. 2024ರ ಮಾರ್ಚ್‌ನಲ್ಲಿ ಸಿಬಿಐ ಈ ಜಾಲದ ಮೇಲೆ ಪ್ರಕರಣ ದಾಖಲಿಸಿತು. ಆ ಯುವಕರು ಊರು ಸೇರುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ರಷ್ಯಾ ಇಸಿಆರ್ ದೇಶಗಳ ಪಟ್ಟಿಯಲ್ಲಿಲ್ಲ. ಏಜೆಂಟನ ಲೈಸೆನ್ಸ್ ಕೇಳಬೇಕಾದದ್ದು ಗಲ್ಫಿಗೆ ಹೋಗುವವರು ಮಾತ್ರ ಎಂಬ ಭಾವನೆ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲೈಸೆನ್ಸ್ ಇದ್ದರೂ ಸಾಲದ ಒಂದು ಸಂದರ್ಭ ಇದೆ, ಅದನ್ನು ಹೆಣ್ಣುಮಕ್ಕಳ ಮನೆಯವರು ತಿಳಿದಿರಬೇಕು. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಯರನ್ನು ಆ ಗೊತ್ತುಪಡಿಸಿದ ದೇಶಗಳಿಗೆ ಮನೆಗೆಲಸಕ್ಕೆ ಕಳಿಸುವ ಅಧಿಕಾರ ಇರುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. 30 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. ಹೀಗಾಗಿ ಖಾಸಗಿ ಏಜೆನ್ಸಿಯವರು ‘ಕುವೈತಿನಲ್ಲಿ ಮನೆಗೆಲಸ, ಅಕ್ಕ, ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದರೆ, ಅವರ ಲೈಸೆನ್ಸ್ ಎಷ್ಟೇ ಅಸಲಿಯಾಗಿದ್ದರೂ ಆ ಕೆಲಸ ಅವರ ಕೈಯಲ್ಲಿ ಇಲ್ಲ.

ನಮ್ಮ ವೆಲ್ಡರ್ ಒಂದು ವೇಳೆ ಸರಿಯಾದ ಏಜೆನ್ಸಿಯನ್ನೇ ಹಿಡಿದನೆನ್ನಿ. ಆಗಲೂ ಹಣ ಕೊಡುವ ಮೊದಲು ಇನ್ನೊಂದನ್ನು ಕೇಳಬೇಕು: ಅಲ್ಲಿನ ಕಂಪನಿಯ ಹೆಸರೇನು, ಅದು ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿಕೊಂಡಿದೆಯೇ, ಅದು ಈ ಏಜೆನ್ಸಿಗೆ ಕೊಟ್ಟಿರುವ ಡಿಮಾಂಡ್ ಲೆಟರ್ ಎಲ್ಲಿ? ಎಷ್ಟು ವೆಲ್ಡರ್‌ಗಳು ಬೇಕು, ಸಂಬಳ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ಜಾಹೀರಾತಿನಲ್ಲಿ 1800 ದಿರ್ಹಂ ಎಂದು, ಪತ್ರದಲ್ಲಿ 1000 ಎಂದಿದ್ದರೆ ನಿಮಗೆ ಸಿಗುವುದು ಪತ್ರದಲ್ಲಿರುವುದೇ. ಲೈಸೆನ್ಸ್ ಎಂಬುದು ಕಳಿಸುವವನು ಯಾರೆಂದು ಹೇಳುತ್ತದೆ, ಹೋಗುವ ಕೆಲಸ ಎಂಥದೆಂದು ಹೇಳುವುದಿಲ್ಲ.

ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಕೊಂಡವರಿಗೆ ಎರಡು ಮಾತು. ಆನ್‌ಲೈನಿನಲ್ಲಿ ಹಾಕಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ವಂಚನೆಯ ಜೊತೆಗೆ ವಲಸೆ ಕಾಯ್ದೆಯನ್ನೂ ಹೆಸರಿಸಿ. ಈ ಕಾಯ್ದೆಯಡಿ ಮೊಕದ್ದಮೆಗೆ ಕೇಂದ್ರದ ಪೂರ್ವಾನುಮತಿ ಬೇಕಾಗುತ್ತದೆ. ಆದರೆ ಮೋಸ ಹೋದವರೇ, ಅಥವಾ ಅವರ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಡ. ಜಾಹೀರಾತಿನ ಚಿತ್ರ, ಚಾಟ್, ಹಣ ಹಾಕಿದ ದಾಖಲೆ ಯಾವುದನ್ನೂ ಅಳಿಸಬೇಡಿ.

ಇನ್ನೂ ಕೊಡದವರಿಗೆ: ಲೈಸೆನ್ಸ್ ಬಗ್ಗೆ ಚೂರು ಅನುಮಾನ ಇದ್ದರೂ ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800 11 3090ಕ್ಕೆ ಫೋನ್ ಮಾಡಿ ಕೇಳಿ. ಕರೆಗೆ ದುಡ್ಡಿಲ್ಲ. ಅಲ್ಲಿಂದ ಉತ್ತರ ಬರುವವರೆಗೆ ಫೈಲ್ ಚಾರ್ಜು ಎಂದು ಒಂದು ರೂಪಾಯಿಯನ್ನೂ ಯಾರಿಗೂ ಹಾಕಬೇಡಿ.